ರಿಪೋರ್ಟಿಗೂ ಮೊದಲು ಫೋನಿನ ಕರಾರು: ಐಸಿಟಿಸಿ ಕೌನ್ಸೆಲಿಂಗ್‌ನಲ್ಲಿ ನನ್ನ ಅನುಭವ

ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ, ಎಚ್‌ಐವಿ ಪರೀಕ್ಷೆ, ಸಮಾಲೋಚನೆ ನಡೆಸುವ ಐಸಿಟಿಸಿಯಲ್ಲಿ ಆಪ್ತ ಸಮಾಲೋಚಕಿಯಾಗಿ ಹದಿನೈದು ವರ್ಷದ ಹತ್ತಿರ ಬಂತು. ಪಾಸಿಟಿವ್ ಬಂದವರನ್ನು ಔಷಧಿ ಕೊಡುವ ಎಆರ್‌ಟಿ ಸೆಂಟರಿಗೆ ಮುಟ್ಟಿಸುವುದು, ಗುಳಿಗೆ ಬಿಟ್ಟವರನ್ನು ಹುಡುಕಿ ಕರೆತರುವುದು ಎಷ್ಟು ಕಷ್ಟ ಅಂತ ಈ ಕೆಲಸದಲ್ಲಿರುವ ನಿಮಗೆ ಹೇಳಬೇಕಿಲ್ಲ. ಮೊದಲು ನಮ್ಮಲ್ಲಿ ಹತ್ತು ಮಂದಿಯಲ್ಲಿ ಮೂರ್ನಾಲ್ಕು ಜನ ವರ್ಷ ತುಂಬುವುದರೊಳಗೆ ಕೈತಪ್ಪುತ್ತಿದ್ದರು. ಈಗ ಒಬ್ಬರು ತಪ್ಪಿದರೆ ಹೆಚ್ಚು. ನಾನು ಮುಖ್ಯವಾಗಿ ಬದಲಿಸಿದ್ದು ಮಾತಿನ ಸರದಿಯನ್ನು.

ಹಳೆಯ ಸರದಿ ನಿಮಗೂ ಗೊತ್ತು. ರೋಗ ಹೇಗೆ ಹರಡುತ್ತದೆ ಅಂತ ಹೇಳು, ಒಪ್ಪಿಗೆ ಪಡೆ, ರಕ್ತ ಕೊಡಿಸು, ರಿಪೋರ್ಟ್ ತಿಳಿಸು, ಆಮೇಲೆ ವಿಳಾಸ, ಫೋನ್ ನಂಬರ್ ಬರೆದುಕೋ. ಪಾಸಿಟಿವ್ ಅಂತ ಕೇಳಿದ ಮನುಷ್ಯನ ಬಳಿ ಆ ಗಳಿಗೆಯಲ್ಲಿ ನಂಬರ್ ಕೇಳಿದರೆ ಏನು ಕೊಡುತ್ತಾನೆ? ಎಂದೋ ಬಂದಾದ ಸಿಮ್ಮಿನ ನಂಬರ್, ಪಕ್ಕದ ಊರಿನ ಹೆಸರು. ಆಸ್ಪತ್ರೆಯವರು ಮನೆ ಬಾಗಿಲಿಗೆ ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ ಅನ್ನುವ ಭಯ ಅದು, ಸುಳ್ಳು ಹೇಳುವ ಚಟವಲ್ಲ.

ಹಾಗಾಗಿ ನಂಬರಿನ ಮಾತನ್ನು ರಕ್ತ ತೆಗೆಯುವುದಕ್ಕೂ ಮೊದಲಿಗೆ ತಂದೆ, ಬಂದ ಪ್ರತಿಯೊಬ್ಬರಿಗೂ. ರಿವ್ಯೂ ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. "ಮೊದಲೇ ಇಷ್ಟು ಕೆದಕಿದರೆ ಜನ ಎದ್ದು ಹೋಗ್ತಾರೆ, ಬಂದವರಲ್ಲಿ ಬಹಳ ಮಂದಿ ನೆಗೆಟಿವ್, ಅವರಿಗೇಕೆ ಈ ಉಸಾಬರಿ" ಅಂದರು. ಪಾಸಿಟಿವ್ ಬಂದವರಿಗಷ್ಟೇ ಕೇಳಿದರೆ ಆ ಪ್ರಶ್ನೆಯೇ ಗುಟ್ಟು ಹೊರಹಾಕುತ್ತದೆ ಅನ್ನುವುದು ನನ್ನ ವಾದ. ಎದ್ದು ಹೋದವರು ಬೆರಳೆಣಿಕೆಯಷ್ಟು.

ನಾನು ಕೇಳುವುದು ಇಷ್ಟು. ನಿಮಗೆ ಫೋನ್ ಮಾಡಬಹುದಾ? ಆ ಫೋನನ್ನು ಬೇರೆ ಯಾರು ಎತ್ತುತ್ತಾರೆ? ಯಾವ ಹೊತ್ತಿಗೆ ಮಾಡಲಿ? ಬೇರೆಯವರು ಎತ್ತಿದರೆ ನಾನು ಯಾರು ಅನ್ನಲಿ? ಕೊನೆಯದಕ್ಕೆ ಉತ್ತರವನ್ನು ಅವರೇ ಕಟ್ಟಬೇಕು, ನಾನು ಹೇಳಿಕೊಡುವುದಿಲ್ಲ. ಮನೆಯವರು ನಂಬುವ ನೆಪ ಅವರಿಗೇ ಗೊತ್ತು. ಫೋನ್ ಬೇಡ ಅಂದರೆ ಬಲವಂತ ಇಲ್ಲ. ನನ್ನ ನಂಬರ್ ಕೊಟ್ಟು, ಅವರೇ ಮಾಡುವ ದಿನ ಗೊತ್ತುಮಾಡುತ್ತೇನೆ. ಇದೆಲ್ಲ ಹೆಸರಿಲ್ಲದ ಒಂದು ಚೀಟಿಯಲ್ಲಿ, ಹೆಸರಿನ ಬದಲು ಬಳಸುವ ಪಿಐಡಿ ನಂಬರಿನಡಿ, ಬೀಗದ ಕಪಾಟಿನಲ್ಲಿ ಇರುತ್ತದೆ. ಹೆಚ್ಚು ಬಳಕೆಯಾಗುವ ನೆಪಗಳು ಯಾವುವು ಅಂತ ಎಷ್ಟೋ ಮಂದಿ ಕೇಳಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಾಲ್ಕು ಜನಕ್ಕೆ ಗೊತ್ತಾದ ನೆಪ ಕೆಲಸಕ್ಕೆ ಬಾರದು.

ಎರಡನೆಯದು ಹೊರಗಿನ ಬೆಂಚು. ನೆಗೆಟಿವ್ ಆದವರು ಐದು ನಿಮಿಷಕ್ಕೆ ಎದ್ದು ಬಂದು, ಪಾಸಿಟಿವ್ ಆದವರು ಮುಕ್ಕಾಲು ಗಂಟೆ ಒಳಗಿದ್ದರೆ ಬೆಂಚಿನವರಿಗೆ ರಿಪೋರ್ಟ್ ಓದಬೇಕಿಲ್ಲ. ಈಗ ನಾನು ಎಲ್ಲರನ್ನೂ ಹೆಚ್ಚುಕಡಿಮೆ ಕಾಲು ಗಂಟೆ ಕೂರಿಸುತ್ತೇನೆ. ನೆಗೆಟಿವ್ ಆದವರಿಗೆ, ಸೋಂಕು ತಗುಲಿದರೂ ಪರೀಕ್ಷೆಯಲ್ಲಿ ಕಾಣದ ವಿಂಡೋ ಪೀರಿಯಡ್ ವಿಷಯ, ಕಾಂಡೋಮ್ ಬಳಕೆ ತೋರಿಸುವುದು, ಮತ್ತೆ ಪರೀಕ್ಷೆಗೆ ಬರುವ ದಿನ, ಇಷ್ಟಕ್ಕೆ ಆ ಹೊತ್ತು ಸರಿಹೋಗುತ್ತದೆ. ಪಾಸಿಟಿವ್ ಆದವರ ಉಳಿದ ಮಾತು ಮರುದಿನಕ್ಕೆ, ಇಲ್ಲವೇ ಓಪಿಡಿ ಮುಗಿದ ಮೇಲೆ. ಜೊತೆಗೆ ಯಾರೇ ಬಂದಿರಲಿ, ಮೊದಲು ಒಬ್ಬರೇ ಒಳಗೆ. ಅತ್ತೆ ಬಂದರೂ ಸರಿ, ಗಂಡ ಬಂದರೂ ಸರಿ.

ಕೋಣೆಯ ದನಿಯನ್ನೂ ನೋಡಬೇಕಾಯಿತು. ಲ್ಯಾಬ್ ಟೆಕ್ನಿಷಿಯನ್ನರನ್ನು ಬೆಂಚಿನ ಮೇಲೆ ಕೂರಿಸಿ, ಬಾಗಿಲು ಹಾಕಿ, ಒಳಗಿಂದ ಪೇಪರ್ ಓದಿದೆ. ಸುದ್ದಿ ಪೂರಾ ಕೇಳಿಸಿತು ಅಂದರು! ಪ್ಲೈವುಡ್ ಪಾರ್ಟಿಷನ್ ಛಾವಣಿಗೆ ಮುಟ್ಟಿರಲಿಲ್ಲ. ಅನುದಾನಕ್ಕೆ ಬರೆದು ಬರೆದು ಸಾಕಾಗಿ, ಕೊನೆಗೆ ಕೈಯಿಂದ ನಾಲ್ಕು ಸಾವಿರದ ಸುಮಾರು ಹಾಕಿ ಮೇಲಿನವರೆಗೆ ಮುಚ್ಚಿಸಿದೆ. ಆ ದುಡ್ಡು ವಾಪಸ್ ಬರಲಿಲ್ಲ. ನನ್ನ ಮೇಜನ್ನೂ ಬಾಗಿಲಿನಿಂದ ದೂರದ ಮೂಲೆಗೆ ಎಳೆಸಿದೆ.

ಒಂದು ಪ್ರಕರಣ ಹೇಳುತ್ತೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಗೋವಾದಲ್ಲಿ ಗೌಂಡಿ ಕೆಲಸದ ಹುಡುಗ, ಮೂವತ್ತರ ಆಸುಪಾಸು. ತಿಂಗಳುಗಟ್ಟಲೆ ಕೆಮ್ಮು ಅಂತ ಬಂದವನು. ನನ್ನ ಪ್ರಶ್ನೆಗೆ "ರಾತ್ರಿ ಎಂಟರ ಮ್ಯಾಲ ಮಾಡ್ರಿ ಅಕ್ಕಾರ, ತಮ್ಮ ಎತ್ತಿದ್ರ ಸೆಂಟ್ರಿಂಗ್ ಬಾಡಿಗಿ ಬಾಕಿ ಐತಿ ಅನ್ರಿ" ಅಂದ. ಮೂರೂ ಕಿಟ್‌ನಲ್ಲಿ ಪಾಸಿಟಿವ್ ಬಂತು. ರಿಪೋರ್ಟನ್ನು ಒಂದೇ ವಾಕ್ಯದಲ್ಲಿ ಹೇಳಿ ಸುಮ್ಮನೆ ಕೂತೆ. ಆ ದಿನ ಪಾಠ ಮಾಡುವುದಿಲ್ಲ. ಈ ರಾತ್ರಿ ಮನೆಯಲ್ಲಿ ಯಾರಿರುತ್ತಾರೆ, ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ, ಎಆರ್‌ಟಿ ಸೆಂಟರಿಗೆ ಯಾವ ದಿನ ಹೋಗುತ್ತೀರಿ, ಇಷ್ಟೇ. ಕೆಮ್ಮು ಇದ್ದದ್ದರಿಂದ ಟಿಬಿ ಪರೀಕ್ಷೆಗೆ ಕಫ ಕೊಡಿಸಿದೆವು, ಅದು ನೆಗೆಟಿವ್. ವಾರದೊಳಗೆ ದಿನಕ್ಕೊಂದರಂತೆ ಎಚ್‌ಐವಿಯ ಟಿಎಲ್‌ಡಿ ಗುಳಿಗೆ ಶುರುವಾಯಿತು.

ಮೂರನೇ ತಿಂಗಳು ಗುಳಿಗೆಗೆ ಬರಲೇ ಇಲ್ಲ. ಹಿಂದಿನ ಪದ್ಧತಿಯಲ್ಲಾದರೆ ಇಲ್ಲಿಗೆ ಕಥೆ ಮುಗಿಯುತ್ತಿತ್ತು. ರಾತ್ರಿ ಫೋನ್ ಮಾಡಿದೆ, ತಮ್ಮನೇ ಎತ್ತಿದ. ಬಾಡಿಗೆ ಬಾಕಿ ಅಂದೆ. ಅರ್ಧ ಗಂಟೆಯಲ್ಲಿ ಅವನೇ ತಿರುಗಿ ಮಾಡಿದ. ಗುತ್ತಿಗೆದಾರ ರಜೆ ಕೊಡುತ್ತಿಲ್ಲ, ಊರಿಗೆ ಬಂದು ಹೋದರೆ ಎರಡು ದಿನದ ಪಗಾರ, ಬಸ್ ಚಾರ್ಜ್ ಸೇರಿ ಎರಡು ಸಾವಿರ ಹೋಗುತ್ತದೆ. ಗುಳಿಗೆ ಬಿಡುವ ಮನಸ್ಸಲ್ಲ ಅದು, ಲೆಕ್ಕ. ನಮ್ಮ ಎಆರ್‌ಟಿ ಸೆಂಟರಿನವರ ಜೊತೆ ಮಾತಾಡಿ ಗೋವಾದ ಸೆಂಟರಿಗೆ ಟ್ರಾನ್ಸ್‌ಫರ್ ಮಾಡಿಸಿದೆವು.

ಹೆಂಡತಿಯ ವಿಷಯ ಇದಕ್ಕಿಂತ ಕಷ್ಟದ್ದು. 2017ರ ಎಚ್‌ಐವಿ ಕಾಯ್ದೆ ಸಂಗಾತಿಗೆ ತಿಳಿಸಲು ವೈದ್ಯರಿಗೂ ಕೌನ್ಸೆಲರಿಗೂ ಅವಕಾಶ ಕೊಡುತ್ತದೆ, ಆದರೆ ಷರತ್ತುಗಳಿವೆ. ಸಂಗಾತಿಗೆ ಸೋಂಕಿನ ಅಪಾಯ ನಿಜವಾಗಿ ಇರಬೇಕು, ನೀವೇ ಹೇಳಿ ಅಂತ ಪಾಸಿಟಿವ್ ಆದವರಿಗೆ ತಿಳಿಹೇಳಿಯೂ ಇವರು ಹೇಳುವುದಿಲ್ಲ ಅಂತ ನಮಗೆ ಮನದಟ್ಟಾಗಿರಬೇಕು, ನಾವು ತಿಳಿಸುತ್ತೇವೆ ಅಂತ ಇವರಿಗೆ ಮೊದಲೇ ಹೇಳಿರಬೇಕು. ಪಾಸಿಟಿವ್ ಆದವಳು ಹೆಂಗಸಾಗಿದ್ದು, ಹೊಡೆತ ಬಡಿತ ಅಥವಾ ಮನೆಯಿಂದ ಹೊರಹಾಕುವ ಭಯ ಇದ್ದರೆ ಆ ದಾರಿಯನ್ನು ನಾನು ಮುಟ್ಟುವುದೇ ಇಲ್ಲ. ಈ ಹುಡುಗನಿಗೆ ಹೇಳಬೇಕಾದ ಮಾತನ್ನು ನನ್ನೆದುರೇ ಮೂರು ಸಲ ಹೇಳಿಸಿದೆ. ಮೊದಲ ಸಲ ಬಾಯೇ ಬರಲಿಲ್ಲ. ನಾಲ್ಕನೆಯ ಸಲ ಹೆಂಡತಿಗೇ ಹೇಳಿದ. ಆಕೆ ನೆಗೆಟಿವ್, ಮೂರು ತಿಂಗಳ ನಂತರವೂ ನೆಗೆಟಿವ್. ಆರು ತಿಂಗಳಿಗೆ ಮಾಡಿಸಿದ ವೈರಲ್ ಲೋಡ್ ಪರೀಕ್ಷೆಯಲ್ಲಿ ಅವನ ರಕ್ತದಲ್ಲಿ ವೈರಸ್ ಪತ್ತೆಯಾಗಲಿಲ್ಲ. ಹೀಗೇ ಉಳಿದರೆ ಸಂಭೋಗದಿಂದ ಹೆಂಡತಿಗೆ ಹರಡುವುದಿಲ್ಲ ಅಂತ ಇಬ್ಬರನ್ನೂ ಕೂರಿಸಿ ಹೇಳಿದೆ. ಗುಳಿಗೆ ಬಿಡದಿರಲು ಇಷ್ಟು ಬಲವಾದ ಮಾತು ನನ್ನ ಹತ್ತಿರ ಬೇರೆ ಇಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ವಾಟ್ಸಾಪ್ ನೆನಪೋಲೆ ನಡೆಯಲಿಲ್ಲ, ಮನೆಯ ಮಕ್ಕಳ ಕೈಯಲ್ಲೇ ಫೋನ್. ಧಾರಾವಾಹಿ ಶುರುವಾಗುವ ಹೊತ್ತಿಗೆ ಗುಳಿಗೆ ಅನ್ನುವುದು ಹೆಂಗಸರಲ್ಲಿ ಚೆನ್ನಾಗಿ ನಡೆಯಿತು, ಭಾನುವಾರ ಮಾತ್ರ ಮರೆತರು. ಡಬ್ಬಿ ಬಸ್ಸಿನಲ್ಲಿ ಗಲಗಲ ಅನ್ನುತ್ತದೆ ಅಂತ ಕೆಲವರು ಗುಳಿಗೆಗಳನ್ನು ಪೇಪರಿನಲ್ಲಿ ಸುತ್ತಿಟ್ಟು ತೇವ ಹಿಡಿಸುತ್ತಿದ್ದರು. ಲೇಬಲ್ ಕಿತ್ತು, ಒಣ ಹತ್ತಿ ತುರುಕಿ, ಒಳಗಿನ ತೇವ ಹೀರುವ ಸಣ್ಣ ಪೊಟ್ಟಣ ತೆಗೆಯದೆ ಅದೇ ಡಬ್ಬಿಯಲ್ಲಿಡಿ ಅನ್ನುತ್ತೇನೆ. ಗ್ಯಾಸಿನ ಔಷಧಿಯ ಬಗ್ಗೆಯೂ ಕೇಳಲೇಬೇಕು. ಆ್ಯಂಟಾಸಿಡ್ ಸಿರಪ್ ಜೊತೆ ಕುಡಿದರೆ ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಟಿಎಲ್‌ಡಿಯನ್ನು ಸಿರಪ್ಪಿಗಿಂತ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ಆದ ಮೇಲೆ ತೆಗೆದುಕೊಳ್ಳಬೇಕು.

ನೋವು ಶುರುವಾದ ಮೇಲೆ ಹೆರಿಗೆ ವಾರ್ಡಿಗೆ ನೇರ ಬಂದವರಿಗೆ ಈ ಸರದಿ ಹೊಂದುವುದಿಲ್ಲ. ಅಲ್ಲಿ ಎರಡು ನೋವಿನ ನಡುವಿನ ಬಿಡುವಿನಲ್ಲಿ ಒಪ್ಪಿಗೆಯಷ್ಟೇ ಪಡೆಯುತ್ತೇನೆ, ಫೋನಿನ ಕರಾರು ಹೆರಿಗೆಯಾದ ಮೇಲೆ. ರಿಪೋರ್ಟನ್ನು ತಾಯಿಗಿಂತ ಮೊದಲು ಕಾರಿಡಾರಿನಲ್ಲಿ ನಿಂತವರಿಗೆ ಹೇಳಬೇಡಿ ಅಂತ ನರ್ಸ್‌ಗಳಿಗೆ ಪ್ರತಿ ಶಿಫ್ಟಿಗೂ ಹೇಳುತ್ತಿದ್ದೇನೆ. ಅಲ್ಲಿ ಇನ್ನೂ ಪೂರ್ತಿ ಹಿಡಿತ ಸಿಕ್ಕಿಲ್ಲ.