ಕ್ರಿಯಾಟಿನ್ ಬಿಟ್ರೂ ಕ್ರ್ಯಾಂಪ್ ಬಿಡ್ಲಿಲ್ಲ, ನನ್ನ ಅನುಭವ

ಏಪ್ರಿಲ್‌ನಲ್ಲಿ ಶಿವಮೊಗ್ಗದಿಂದ ಗಾಜನೂರು ದಾಟಿ ಸಕ್ರೆಬೈಲಿನವರೆಗೆ ಓಡಿ ವಾಪಸ್ ಬರ್ತಿದ್ದೆ, ಹೆಚ್ಚುಕಮ್ಮಿ 28 ಕಿಲೋಮೀಟರ್. ಹೊರಡೋದೇ ಏಳೂವರೆ, ಹಾಗಾಗಿ ವಾಪಸ್ ಬರೋವಾಗ ನೆತ್ತಿ ಸುಡೋ ಬಿಸಿಲು. ಇಪ್ಪತ್ತೆರಡನೇ ಕಿಲೋಮೀಟರ್ ಹತ್ರ ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಹಿಡ್ಕೊಂಡ್ಬಿಡ್ತು. ಜನವರಿಯಿಂದ ದಿನಾ 5 ಗ್ರಾಂ ಕ್ರಿಯಾಟಿನ್ ತಗೊಳ್ತಿದ್ದೆ, ಜೊತೆಗೆ ಓಡೋ ಗೆಳೆಯ "ಆ ಪೌಡರ್ ಮೈಯಲ್ಲಿರೋ ನೀರೆಲ್ಲ ಎಳ್ಕೊಳ್ಳುತ್ತೆ ಮಾರಾಯ, ಮೊದ್ಲು ಬಿಡು" ಅಂದ, ಬಿಟ್ಟೆ.

ಹತ್ತು ದಿನ ಬಿಟ್ಟು ಓಡಿದೆ, ಮತ್ತೆ ಹಿಡ್ಕೊಳ್ತು. ಆದ್ರೆ ಹತ್ತು ದಿನದಲ್ಲಿ ಏನೂ ಗೊತ್ತಾಗಲ್ಲ, ಸ್ನಾಯುವಿನಲ್ಲಿ ತುಂಬಿರೋ ಕ್ರಿಯಾಟಿನ್ ಮೊದಲಿನ ಮಟ್ಟಕ್ಕೆ ಇಳಿಯೋಕೆ ನಾಲ್ಕರಿಂದ ಆರು ವಾರ ಬೇಕು. ಅದಕ್ಕೆ ಪೂರ್ತಿ ಆರು ವಾರ ಕಾದೆ. ಮೇ ಕೊನೆಯಲ್ಲಿ ಅದೇ ದಾರಿ, ಅದೇ ಕಾಲು, ಅದೇ ಸೆಳೆತ.

ಆಮೇಲೆ ಹಳೇ ಡೈರಿ ತೆಗೆದು ನೋಡಿದಾಗ ತಪ್ಪು ಸಿಕ್ತು. ಕ್ರಿಯಾಟಿನ್‌ಗೆ ಮುಂಚೆ ನನ್ನ ತೂಕ 67 ಕೆಜಿ, ಶುರು ಮಾಡಿದ ಮೇಲೆ 68.2 ಆಗಿತ್ತು, ಅದು ಹೆಚ್ಚಾಗಿ ಸ್ನಾಯುವಿನ ಒಳಗೆ ಸೇರ್ಕೊಂಡ ನೀರು. ಏಪ್ರಿಲ್‌ನಲ್ಲಿ ಓಡಿ ಬಂದು ತೂಗಿದ್ರೆ 66. ಹಳೇ 67 ತಲೇಲಿ ಇಟ್ಕೊಂಡು 'ಒಂದೇ ಕೆಜಿ ಹೋಗಿದೆ, ಪರವಾಗಿಲ್ಲ' ಅಂದ್ಕೊಂಡಿದ್ದೆ. ನಿಜವಾಗಿ ಹೋಗಿದ್ದು 2.2 ಕೆಜಿ, ಅಂದ್ರೆ ಮೈತೂಕದ ಶೇಕಡಾ 3ಕ್ಕಿಂತ ಜಾಸ್ತಿ. ದಾರೀಲಿ ಕುಡಿದ ಒಂದು ಲೀಟರ್ ಸೇರಿಸಿದ್ರೆ ಬೆವರು 3.2 ಲೀಟರ್, ಓಡಿದ್ದು 2 ಗಂಟೆ 40 ನಿಮಿಷ, ಗಂಟೆಗೆ 1.2 ಲೀಟರ್. ಕುಡಿದಿದ್ದೂ ಬರೀ ನೀರು, ಕಪ್ಪು ಟೀಶರ್ಟ್ ಮೇಲೆ ಬಿಳೀ ಉಪ್ಪಿನ ಗೆರೆ ದಿನಾ ಕಾಣ್ತಿದ್ರೂ ಗಮನ ಕೊಟ್ಟಿರ್ಲಿಲ್ಲ.

ಜೂನ್ ಮೊದಲ ವಾರ ಮಳೆ ಹಿಡಿಯೋ ಮುಂಚೆ, ಲೀಟರ್ ನೀರಿಗೆ ಕಲಸೋ ಓಆರ್‌ಎಸ್ ಪ್ಯಾಕೆಟ್ ಒಂದನ್ನ ಅಳತೆ ತಪ್ಪದೆ ಒಂದೇ ಲೀಟರಿಗೆ ಕಲಸಿ, ಗಂಟೆಗೆ ಮುಕ್ಕಾಲು ಲೀಟರಿನ ಹಾಗೆ ಗುಟುಕು ಗುಟುಕಾಗಿ ಕುಡಿದೆ. ಹೋದಷ್ಟೂ ತುಂಬಿಸೋಕೆ ಹೋಗಲಿಲ್ಲ, ಓಡಿ ಬಂದಾಗ ತೂಕ ಹೊರಟಾಗಿನದಕ್ಕಿಂತ ಜಾಸ್ತಿ ಇದ್ರೆ ನೀರು ಅತಿಯಾಗಿ ರಕ್ತದ ಸೋಡಿಯಂ ಇಳಿಯೋ ಅಪಾಯ ಇದೆ. ಅವತ್ತು 28ನ್ನೂ ಸೆಳೆತ ಇಲ್ಲದೆ ಮುಗಿಸಿದೆ. ಆಮೇಲೆ ದಿನಾ 3 ಗ್ರಾಂ ಕ್ರಿಯಾಟಿನ್ ಮತ್ತೆ ಶುರು ಮಾಡಿದೆ, ಈಗ ಹೊರಡೋ ಮುಂಚೆ ಅವತ್ತಿನ ತೂಕಾನೇ ಬರ್ಕೊಳ್ತೀನಿ.

ಹಾಗಂತ ಎಲ್ಲಾ ಕ್ರ್ಯಾಂಪೂ ಉಪ್ಪಿನದ್ದಲ್ಲ. ಅಕ್ಟೋಬರ್‌ನಲ್ಲಿ ಓಆರ್‌ಎಸ್ ಕುಡಿದ್ರೂ ಒಂದು ಏರಲ್ಲಿ ಜೋರಾಗಿ ಓಡಿದಾಗ ಹಿಡ್ಕೊಳ್ತು, ನಿಂತು ಪಾದದ ತುದೀನ ಮೊಣಕಾಲ ಕಡೆ ಎಳೆದ ಕೂಡ್ಲೆ ಬಿಡ್ತು, ಅದು ಸ್ನಾಯು ದಣಿದು ಬಂದದ್ದು, ಅಲ್ಲಿಂದ ಮನೇವರೆಗೆ ನಡ್ಕೊಂಡೇ ಬಂದೆ.