ರಂಗೋಲಿಯನ್ನು ಬದಿಗೆ ಸರಿಸಿದ ಮೇಲೆ

ಕೊಪ್ಪಳದ ಪೇಟೆಯಲ್ಲಿ ನನ್ನದು ಸೀರೆ ಅಂಗಡಿ. ಷಟರ್ ಎತ್ತಿದರೆ ಬಾಗಿಲು 8 ಅಡಿ ಅಗಲ. ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಅದರ ನಟ್ಟನಡುವೆ 4 ಅಡಿಯ ರಂಗೋಲಿ ಹಾಕಿಸಿ, ಲಕ್ಷ್ಮಿಯ ಹೆಜ್ಜೆಗಳನ್ನೂ ಬರೆಸಿದ್ದೆ. ಎರಡೂ ಕಡೆ ಬಾಳೆಕಂಬ ನಿಲ್ಲಿಸಿದ್ದೆ. ಹಳ್ಳಿಯಿಂದ ಬಂದಿದ್ದ ಹಿರಿಯ ತಾಯಿಯೊಬ್ಬರು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. “ಲಕ್ಷ್ಮಿಯ ಹೆಜ್ಜೆ ತುಳಿದು ಹೇಗೆ ಬರಲಿ, ತಮ್ಮಾ?” ಎಂದರು. ಅವರ ಸೊಸೆ ನೆರಿಗೆ ಎತ್ತಿ ಹಿಡಿದು, ಬಾಳೆ ಎಲೆಗೆ ಮೈ ತಾಗಿಸಿಕೊಂಡು ಬದಿಯಿಂದ ನುಸುಳಿದಳು. ರಂಗೋಲಿ ಎತ್ತರವಿಲ್ಲದ ಗೋಡೆ ಎಂಬುದು ನನಗೆ ಅಂದು ತಿಳಿಯಿತು. ಕಾಲಿಗೆ ಅಡ್ಡ ಬರದಿದ್ದರೂ ಭಕ್ತಿಯುಳ್ಳವರನ್ನು ಅದು ತಡೆಯುತ್ತದೆ.

ಈಗ ರಂಗೋಲಿಯನ್ನು ಬಾಗಿಲ ಬಲಗಡೆ, ಗೋಡೆಗೆ ಹತ್ತಿಸಿ ಇಟ್ಟ 2 ಅಡಿಯ ಮಣೆಯ ಮೇಲೆ ಬಿಡಿಸುತ್ತೇವೆ. ನಯವಾದ ಗ್ರಾನೈಟ್ ಮೆಟ್ಟಿಲ ಮೇಲೆ ರಂಗೋಲಿ ಪುಡಿ ಹರಡಿ ಕಾಲು ಜಾರುವ ಭಯವೂ ಇದರಿಂದ ತಪ್ಪಿತು. ದೀಪಗಳೂ ಆ ಮಣೆಯ ಮೇಲೆಯೇ ಇರುತ್ತವೆ, ಸೆರಗು ತಾಗದಷ್ಟು ಒಳಗೆ. ಉಳಿದ ದಾರಿಯಲ್ಲಿ ಚೀಲ ಹಿಡಿದ ಇಬ್ಬರು ಎದುರುಬದುರಾಗಿ ಭುಜ ತಾಗದೆ ದಾಟಬೇಕು. ಅಂಗಡಿಯ ಹುಡುಗರಿಬ್ಬರನ್ನು ನಡೆಸಿ ನೋಡಿದ ಮೇಲೆಯೇ ಮಣೆಯ ಜಾಗ ಗೊತ್ತು ಮಾಡುತ್ತೇನೆ.

ಬಾಳೆಕಂಬದ ತೊಂದರೆ ಜಾಗದ್ದಷ್ಟೇ ಅಲ್ಲ, ಸೊನೆಯದೂ ಹೌದು. ಹಸಿಯಾಗಿದ್ದಾಗ ನೀರಿನಂತೆ ಕಾಣುವ ಅದು ಒಣಗಿದ ಮೇಲೆ ಕಂದುಗಟ್ಟುತ್ತದೆ, ಬಟ್ಟೆಗೆ ಬಿದ್ದರೆ ಒಗೆದರೂ ಹೋಗುವುದಿಲ್ಲ. ತಿಳಿ ಬಣ್ಣದ ರೇಷ್ಮೆ ಸೀರೆಯೊಂದನ್ನು ಹಾಗೆ ಕಳೆದುಕೊಂಡಿದ್ದೇನೆ. ಈಗ ಕಂಬಗಳನ್ನು ಹಿಂದಿನ ಸಂಜೆಯೇ ತಂದು, ಕೆಳಗಿನ ಎಲೆಗಳನ್ನು ಕತ್ತರಿಸಿ ಹಿತ್ತಲಲ್ಲಿ ನಿಲ್ಲಿಸುತ್ತೇನೆ. ರಾತ್ರಿಯಿಡೀ ಸೊನೆ ಸೋರಿ ಹೋಗುತ್ತದೆ. ಬೆಳಿಗ್ಗೆ ಕೊಯ್ದ ಜಾಗವನ್ನೆಲ್ಲ ಒರೆಸಿ, ಕಂಬಗಳನ್ನು ಷಟರ್‌ನ ಹೊರಬದಿಯ ಗೋಡೆಗೆ ಕಟ್ಟಿಸುತ್ತೇನೆ. ಎಲೆಗಳು ತಲೆಯಿಂದ ಮೇಲೆಯೇ ಹರಡಿಕೊಳ್ಳಬೇಕು.

ತೋರಣ ಕಟ್ಟುವಾಗ ಎರಡು ತುದಿಗೆ ಮಾತ್ರ ಮೊಳೆ ಹೊಡೆದರೆ ಚೆಂಡುಹೂವಿನ ಭಾರಕ್ಕೆ ಮಧ್ಯಾಹ್ನದೊಳಗೆ ನಡು ಜೋತು ಬೀಳುತ್ತದೆ. ಅದಕ್ಕೆ ನಡುವೆಯೂ ಒಂದು ಮೊಳೆ ಬೇಕು. ಹಮಾಲ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ದಾಟುವಾಗ ಹೂವು ತಾಗದಿದ್ದರೆ ಎತ್ತರ ಸರಿಯಾಗಿದೆ ಎಂದರ್ಥ. ಸೀರಿಯಲ್ ಸೆಟ್‌ನ ತಂತಿಯನ್ನು ಷಟರ್ ಓಡುವ ಸಂದಿನಿಂದ ದೂರ, ನಾಮಫಲಕದ ಮೇಲಂಚಿಗೆ ಹಾಯಿಸುತ್ತೇನೆ. ಷಟರ್ ಎಳೆದಾಗ ತಂತಿ ಅದರಲ್ಲಿ ಸಿಕ್ಕಿ ಸುಲಿಯಬಾರದು.

ಒಳಗೆ ಅಲಂಕಾರ ಬಹಳ ಕಡಿಮೆ. ಸೀರೆಗಳ ಬಣ್ಣವೇ ಸಾಕಷ್ಟಿರುವಾಗ ಬಣ್ಣದ ಕಾಗದ ತೂಗಿಬಿಟ್ಟರೆ ಗಿರಾಕಿಯ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಗಲ್ಲೆಯ ಹಿಂದಿನ ಗೂಡಿನಲ್ಲಿ ಕಿನ್ನಾಳದ ಮರದ ಗೊಂಬೆಯೊಂದನ್ನು ಇಟ್ಟು, ಅದರ ಸುತ್ತಲಿನ ಜಾಗ ಖಾಲಿ ಬಿಟ್ಟಿದ್ದೇನೆ. ಬಂದವರು ಮೊದಲು ಅದನ್ನೇ ವಿಚಾರಿಸುತ್ತಾರೆ.

ಪೂಜೆಯಾದ ಮೇಲೆ ಬೂದುಗುಂಬಳವನ್ನು ಬಾಗಿಲ ಎದುರು ಒಡೆಯುವುದಿಲ್ಲ. ಬದಿಯಲ್ಲಿ ಒಡೆದು, ಯಾರಾದರೂ ಬೈಕಿನಲ್ಲಿ ಬರುವ ಮೊದಲೇ ಹೋಳುಗಳನ್ನು ಬುಟ್ಟಿಗೆ ತುಂಬಿಸುತ್ತೇನೆ.