ಎದುರುಗಾಳಿಯ ಲೆಕ್ಕ ಮತ್ತು ಮುಂದಿನವರ ಮರೆ

ಸಂಜೆ ಉಡುಪಿಯಿಂದ ಮಲ್ಪೆಯ ಕಡೆಗೆ ಓಡುವವರಿಗೆ ಕಡಲ ಗಾಳಿ ನೇರವಾಗಿ ಎದುರಾಗುತ್ತದೆ. ಗಾಳಿಯ ತಡೆಯು ದೇಹಕ್ಕೆ ತಾಗುವ ಒಟ್ಟು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಮೊದಲು ಓಟದ ವೇಗಕ್ಕೆ ಗಾಳಿಯ ವೇಗವನ್ನು ಕೂಡಿಸಿಕೊಳ್ಳಬೇಕು.

60 ಕಿಲೋ ತೂಕದವರು ಗಂಟೆಗೆ 12 ಕಿ.ಮೀ. ವೇಗದಲ್ಲಿ ಓಡುತ್ತಿದ್ದಾರೆ ಎನ್ನೋಣ. ಗಾಳಿಯಿಲ್ಲದಾಗ ತಡೆಯು ಸುಮಾರು 300 ಗ್ರಾಂ ಭಾರ ಹಿಂದಕ್ಕೆ ಎಳೆದಷ್ಟು. ಎದುರುಗಾಳಿ 14 ಕಿ.ಮೀ. ಇದ್ದರೆ ಒಟ್ಟು 26 ಆಗಿ, ತಡೆ ನಾಲ್ಕೂವರೆ ಪಟ್ಟಿಗೂ ಮಿಕ್ಕಿ, 1.4 ಕಿಲೋ ಆಗುತ್ತದೆ. ಹೆಚ್ಚಾದ 1.1 ಕಿಲೋ ದೇಹತೂಕದ ಸುಮಾರು ಶೇ. 2; ಪ್ರತಿ ಶೇ. 1ರ ಹಿಂದೆಳೆತಕ್ಕೆ ಶ್ರಮ ಸುಮಾರು ಶೇ. 6 ಏರುವುದರಿಂದ, ಅದೇ ವೇಗಕ್ಕೆ ಶೇ. 12ರಷ್ಟು ಹೆಚ್ಚು ಶ್ರಮ ಬೇಕು. ಹಿಂತಿರುಗುವಾಗ ಇದೇ ಗಾಳಿ ಬೆನ್ನಿಗಿದ್ದರೂ ಉಳಿತಾಯವಾಗುವುದು ಆ 300 ಗ್ರಾಂ ಮಾತ್ರ, ಆದ್ದರಿಂದ ನಷ್ಟ ತುಂಬುವುದಿಲ್ಲ.

1971ರಲ್ಲಿ ಪ್ರಕಟವಾದ ಬ್ರಿಟಿಷ್ ಶರೀರಶಾಸ್ತ್ರಜ್ಞ ಪ್ಯೂ ಅವರ ಪ್ರಯೋಗದಲ್ಲಿ, ಒಬ್ಬರ ಹಿಂದೆ ಒಂದು ಮೀಟರ್ ಅಂತರದಲ್ಲಿ ಓಡಿದಾಗ ತಡೆ ಶೇ. 80ರಷ್ಟು ಇಳಿದಿತ್ತು. ನಮ್ಮ ಲೆಕ್ಕಕ್ಕೆ ಹಚ್ಚಿದರೆ 1.4 ಕಿಲೋ ಮತ್ತೆ 300 ಗ್ರಾಂ ಆಗುತ್ತದೆ, ಅಂದರೆ ಗಾಳಿಯೇ ಇಲ್ಲದಂತೆ. ಇದು ಅತ್ಯುತ್ತಮ ಸಂದರ್ಭ. ಅಂತರ ಹೆಚ್ಚಿದರೆ ಅಥವಾ ಗಾಳಿ ಓರೆಯಾಗಿ ಬೀಸಿದರೆ ಲಾಭ ಬೇಗ ಕರಗುತ್ತದೆ.

ಹವಾಮಾನ ಆ್ಯಪ್‌ನ ಅಂಕಿ ಸಾಮಾನ್ಯವಾಗಿ 10 ಮೀಟರ್ ಎತ್ತರದ್ದು. ಎದೆಮಟ್ಟದಲ್ಲಿ, ಅದರಲ್ಲೂ ಕಟ್ಟಡಗಳ ನಡುವೆ, ಗಾಳಿ ಸಾಕಷ್ಟು ಕಡಿಮೆಯಿರುತ್ತದೆಂದು ದಯವಿಟ್ಟು ಗಮನಿಸಿ.